ಅಡ್ಡಕ್ಕೆ ಬಾಗಿದ ಝಡ್ ತೊಲೆ: ಸುಂಟಿಕೊಪ್ಪದ ಗೋದಾಮಿನಲ್ಲಿ ನನ್ನ ಅನುಭವ

ಸುಂಟಿಕೊಪ್ಪದ ಹತ್ತಿರ ಒಬ್ಬ ಕಾಫಿ ಬೆಳೆಗಾರರ ಗೋದಾಮಿನಲ್ಲಿ ಅಟ್ಟ ಹಾಕಿದ್ದರು. ಚಾವಣಿಗೆ ತಂದು ಉಳಿದಿದ್ದ ಝಡ್ ಪರ್ಲಿನ್‌ಗಳನ್ನೇ ತೊಲೆಗಳಾಗಿ ಇಟ್ಟು, ಮೇಲೆ ಒಂದಿಂಚಿನ ಹಲಗೆ ಹಾಸಿದ್ದರು. ಫೆಬ್ರುವರಿಯಲ್ಲಿ ರೊಬಸ್ಟಾ ಚೆರ್ರಿ ಒಣಗಿ ಚೀಲ ತುಂಬಿ ಅಟ್ಟಕ್ಕೆ ಏರತೊಡಗಿದಾಗ ಬೆಳೆಗಾರರು ನನಗೆ ಫೋನ್ ಮಾಡಿದರು. "ಸಾರ್, ತೊಲೆ ಕೆಳಗೆ ಬಾಗಿದ್ದರೆ ಭಾರಕ್ಕೆ ಎಂದುಕೊಳ್ಳುತ್ತಿದ್ದೆ. ಇದು ಗೋಡೆಯ ಕಡೆಗೆ ಸರಿಯುತ್ತಿದೆ. ಒಮ್ಮೆ ಬಂದು ನೋಡಿ."

ಹೋಗಿ ನೋಡಿದರೆ ಅವರು ಹೇಳಿದ್ದು ಅಕ್ಷರಶಃ ನಿಜ. ತೊಲೆಯ ಎರಡು ತುದಿಗಳ ನಡುವೆ ವೆಬ್‌ಗೆ ಅಂದರೆ ಝಡ್‌ನ ನೆಟ್ಟಗೆ ನಿಂತ ನಡುತಗಡಿಗೆ ತಾಗಿಸಿ ನೈಲಾನ್ ದಾರವನ್ನು ಬಿಗಿಯಾಗಿ ಎಳೆದು, ನಡುಮಧ್ಯದಲ್ಲಿ ಉಕ್ಕಿನ ಅಳತೆಪಟ್ಟಿ ಹಿಡಿದೆ. ಕೆಳಕ್ಕೆ 10 ಮಿ.ಮೀ., ಅಡ್ಡಕ್ಕೆ 17 ಮಿ.ಮೀ. ಚೀಲಗಳ ಭಾರ ನೇರ ಕೆಳಕ್ಕೇ ಇದೆ, ಪಕ್ಕದಿಂದ ತಳ್ಳುವವರು ಯಾರೂ ಇಲ್ಲ. ಆದರೂ ತೊಲೆ ಕೆಳಗೆ ಇಳಿದದ್ದಕ್ಕಿಂತ ಹೆಚ್ಚು ಪಕ್ಕಕ್ಕೆ ಹೋಗಿತ್ತು. ನಾಲ್ಕು ತೊಲೆಗಳೂ ಒಂದೇ ದಿಕ್ಕಿಗೆ, ತಮ್ಮ ಮೇಲಿನ ಫ್ಲೇಂಜ್, ಅಂದರೆ ಝಡ್‌ನ ಮೇಲಿನ ಅಡ್ಡಪಟ್ಟಿ, ಎತ್ತ ಚಾಚಿದೆಯೋ ಅತ್ತಲೇ ಸರಿದಿದ್ದವು.

ಪರ್ಲಿನ್ ಒದಗಿಸಿದವರು ಕೊಟ್ಟ ಲೆಕ್ಕದ ಹಾಳೆ ಬೆಳೆಗಾರರ ಬಳಿ ಇತ್ತು. ಅದರಲ್ಲಿ ಸ್ಟ್ರೆಸ್ ಪ್ರತಿ ಚದರ ಮಿ.ಮೀ.ಗೆ 84 ನ್ಯೂಟನ್ ಎಂದಿತ್ತು. ಗುಣಾಕಾರ, ಭಾಗಾಕಾರ ಎಲ್ಲವೂ ಸರಿಯಾಗಿದ್ದವು. ಬಳಸಿದ ಸೂತ್ರ ಮಾತ್ರ ಈ ತೊಲೆಗೆ ಸಲ್ಲುವಂಥದ್ದಲ್ಲ.

ಕಾರಣವನ್ನು ಸೂತ್ರಕ್ಕಿಂತ ಮೊದಲು ಕಣ್ಣಿಗೆ ಕಟ್ಟಿಕೊಳ್ಳಬೇಕು. ಝಡ್ ತೊಲೆ ನೇರ ಕೆಳಕ್ಕೆ ಮಾತ್ರ ಬಾಗಿತು ಎಂದುಕೊಳ್ಳೋಣ. ಆಗ ಮೇಲಿನ ಫ್ಲೇಂಜ್ ಪೂರ್ತಿ ಒತ್ತಿಗೆ, ಕೆಳಗಿನದು ಪೂರ್ತಿ ಎಳೆತಕ್ಕೆ ಸಿಗುತ್ತದೆ. ಮೇಲಿನ ಫ್ಲೇಂಜ್ ಇರುವುದು ವೆಬ್‌ನ ಬಲಕ್ಕೆ, ಕೆಳಗಿನದು ಎಡಕ್ಕೆ. ಬಲಗಡೆ ಒತ್ತು, ಎಡಗಡೆ ಎಳೆತ ಎಂದಾಗ ಅಡ್ಡಕ್ಕೆ ಬಾಗಿಸುವ ಒಂದು ಮೊಮೆಂಟ್ ತೊಲೆಯೊಳಗೇ ಹುಟ್ಟಿದಂತಾಯಿತು. ಅದಕ್ಕೆ ಎದುರು ನಿಲ್ಲುವ ಅಡ್ಡ ಭಾರ ಹೊರಗಿನಿಂದ ಬಂದಿಲ್ಲ. ಆದ್ದರಿಂದ ಆ ಒಳಗಿನ ಮೊಮೆಂಟ್ ಸೊನ್ನೆಯಾಗುವ ತನಕ ತೊಲೆ ಪಕ್ಕಕ್ಕೆ ಬಾಗಲೇಬೇಕು. ಈ ಗುಣವನ್ನು ಅಳೆಯುವ ಸಂಖ್ಯೆಯೇ Ixy. ಐ ತೊಲೆಯಲ್ಲಿ ಅದು ಸೊನ್ನೆ, ಝಡ್‌ನಲ್ಲಿ ದೊಡ್ಡದು.

ಅಳತೆ ತೆಗೆದುಕೊಂಡೆ. ಎತ್ತರ 150 ಮಿ.ಮೀ., ದಪ್ಪ 3 ಮಿ.ಮೀ., ಫ್ಲೇಂಜ್ ವೆಬ್‌ನ ದಪ್ಪವೂ ಸೇರಿ 60 ಮಿ.ಮೀ., ತುದಿಯಲ್ಲಿ ಮಡಿಕೆ ಇಲ್ಲ. ತೊಲೆಗಳ ನಡುವಿನ ಅಂತರ 1 ಮೀಟರ್, ಗೋಡೆಯಿಂದ ಗೋಡೆಗೆ 3 ಮೀಟರ್. ಒಂದೊಂದು ತೊಲೆಯ ಪಾಲಿಗೆ 50 ಕಿಲೋದ 15 ಚೀಲ. ಹಲಗೆ ಮತ್ತು ತೊಲೆಯ ಸ್ವಂತ ತೂಕ ಸುಮಾರು 65 ಕಿಲೋ ಸೇರಿಸಿದರೆ ಒಟ್ಟು 8 ಕಿಲೋನ್ಯೂಟನ್. ಭಾರ ಉದ್ದಕ್ಕೂ ಸಮವಾಗಿ ಹರಡಿದೆ ಎಂದರೆ ಮಧ್ಯದ ಬೆಂಡಿಂಗ್ ಮೊಮೆಂಟ್ 8 × 3 ÷ 8, ಅಂದರೆ 3 ಕಿಲೋನ್ಯೂಟನ್-ಮೀಟರ್.

ಝಡ್‌ನ ಗುರುತ್ವಕೇಂದ್ರ ವೆಬ್‌ನ ನಡುವೆಯೇ ಇರುವುದರಿಂದ ಅದನ್ನು ಹುಡುಕುವ ಕೆಲಸವಿಲ್ಲ. ಅಲ್ಲಿಂದ x ಅನ್ನು ಬಲಕ್ಕೆ, y ಅನ್ನು ಮೇಲಕ್ಕೆ ಅಳೆದೆ. ವೆಬ್ 150 × 3, ಫ್ಲೇಂಜ್‌ಗಳು ತಲಾ 57 × 3. ಮೇಲಿನ ಫ್ಲೇಂಜ್‌ನ ಕೇಂದ್ರ (30, 73.5), ಕೆಳಗಿನದರದು (−30, −73.5). Ix ಮತ್ತು Iy ಎಂದರೆ x, y ಅಕ್ಷಗಳ ಸುತ್ತ ಬಾಗುವುದನ್ನು ಆಕಾರ ಎಷ್ಟು ತಡೆಯುತ್ತದೆ ಎಂಬ ಅಳತೆ, ಅಂದರೆ ಜಡತ್ವ ಭ್ರಾಮಕ. ಈ ಮೂರು ಆಯತಗಳಿಂದ ಬಂದದ್ದು ಇಷ್ಟು:

```
Ix  = 26.92 × 10^5 mm^4
Iy  =  4.01 × 10^5 mm^4
Ixy = 2 × 171 × 30 × 73.5 = 7.54 × 10^5 mm^4
```

ಲೆಕ್ಕ ತಪ್ಪುವುದು ಹೆಚ್ಚಾಗಿ Ixy ಚಿಹ್ನೆಯಲ್ಲಿ. ಮೇಲಿನ ಫ್ಲೇಂಜ್‌ಗೆ x, y ಎರಡೂ ಧನ, ಕೆಳಗಿನದಕ್ಕೆ ಎರಡೂ ಋಣ. ಗುಣಿಸಿದಾಗ ಎರಡೂ ಕಡೆ ಧನವೇ ಬರುತ್ತದೆ. ಮೇಲಿನ ಫ್ಲೇಂಜ್ ಎಡಕ್ಕೆ ಚಾಚಿದ್ದರೆ ಎರಡೂ ಋಣವಾಗುತ್ತಿದ್ದವು. ಒಂದು ಧನ, ಇನ್ನೊಂದು ಋಣ ಬಂದು ಪರಸ್ಪರ ಹೊಡೆದುಹೋದರೆ ನೀವು ಲೆಕ್ಕ ಹಾಕಿರುವುದು ಝಡ್‌ನದ್ದಲ್ಲ, ಚಾನೆಲ್‌ನದ್ದು.

ನೇರ ಕೆಳಗಿನ ಭಾರಕ್ಕೆ, ಅಂದರೆ x ಅಕ್ಷದ ಸುತ್ತಲಿನ ಮೊಮೆಂಟ್ M ಮಾತ್ರ ಇರುವಾಗ, ಸ್ಟ್ರೆಸ್ s ಕಂಡುಹಿಡಿಯುವ ಸೂತ್ರ ಹೀಗಿದೆ (ಧನ ಬಂದರೆ ಒತ್ತು):

```
s = M (Iy·y − Ixy·x) / (Ix·Iy − Ixy^2)
s = 0  =>  y/x = Ixy/Iy = 1.88  =>  62°
```

ತಟಸ್ಥ ಅಕ್ಷ, ಅಂದರೆ ಸ್ಟ್ರೆಸ್ ಸೊನ್ನೆಯಾಗುವ ಗೆರೆ, ಅಡ್ಡರೇಖೆಯಿಂದ 62 ಡಿಗ್ರಿ ಎದ್ದು ನಿಂತಿದೆ. ವೆಬ್‌ನಿಂದ ಅದು ವಾಲಿರುವುದು 28 ಡಿಗ್ರಿ ಮಾತ್ರ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಪ್ರಧಾನ ಅಕ್ಷದ, ಅಂದರೆ Ixy ಸೊನ್ನೆಯಾಗುವಂತೆ ತಿರುಗಿಸಿದ ಅಕ್ಷದ, ಕೋನವನ್ನು ಕಂಡುಹಿಡಿದು, ಅದೇ ತಟಸ್ಥ ಅಕ್ಷ ಎಂದು ನಿಲ್ಲಿಸುವವರನ್ನು ನಾನು ನೋಡಿದ್ದೇನೆ. ಈ ತೊಲೆಯ ಪ್ರಧಾನ ಅಕ್ಷ ವಾಲಿರುವುದು 16.7 ಡಿಗ್ರಿ. ಅದು ಆಕಾರದ ಗುಣ, ಭಾರ ಯಾವ ಕಡೆಯಿಂದ ಬಂದರೂ ಬದಲಾಗುವುದಿಲ್ಲ. ತಟಸ್ಥ ಅಕ್ಷವಾದರೋ ಭಾರದ ದಿಕ್ಕಿಗೆ ತಕ್ಕಂತೆ ತಿರುಗುತ್ತದೆ. ನಾನು ತಾಳೆ ನೋಡಲು ಪ್ರಧಾನ ಅಕ್ಷಗಳ ದಾರಿಯನ್ನೂ ಹಿಡಿದೆ. ದೊಡ್ಡ ಜಡತ್ವ ಭ್ರಾಮಕ 29.18, ಚಿಕ್ಕದು 1.75 (ಎರಡೂ 10^5 mm^4). ಒಂದು ಇನ್ನೊಂದರ 16.7 ಪಟ್ಟು. ಇದನ್ನು tan 16.7° ಜತೆ ಗುಣಿಸಿದರೆ 5.0, ಅದರ ಕೋನ 78.7 ಡಿಗ್ರಿ. ಪ್ರಧಾನ ಅಕ್ಷವೇ ಅಡ್ಡರೇಖೆಯ ಕೆಳಗೆ 16.7 ಡಿಗ್ರಿ ಇಳಿದಿರುವುದರಿಂದ ಅಷ್ಟನ್ನು ಕಳೆದರೆ ಮತ್ತೆ 62. ಎರಡು ದಾರಿಗಳು ಒಂದೇ ಕಡೆ ಸೇರಿದಾಗ ಮಾತ್ರ ನಾನು ಮುಂದಕ್ಕೆ ಹೋಗುತ್ತೇನೆ.

ಈಗ ಗರಿಷ್ಠ ಸ್ಟ್ರೆಸ್. ಅದು ತಟಸ್ಥ ಅಕ್ಷದಿಂದ ಅತ್ಯಂತ ದೂರದ ಬಿಂದುವಿನಲ್ಲಿರುತ್ತದೆ. ಅದಕ್ಕಾಗಿ ಝಡ್‌ನ ಚಿತ್ರವನ್ನು ಅಳತೆಗೆ ಸರಿಯಾಗಿ ಕಾಗದದ ಮೇಲೆ ಬರೆದು, 62 ಡಿಗ್ರಿಯ ಗೆರೆಯನ್ನು ಎಳೆದೇ ನೋಡಬೇಕು. ಗೆರೆ ಮೇಲಿನ ಫ್ಲೇಂಜನ್ನು x ಸುಮಾರು 40 ಇರುವಲ್ಲಿ ಕತ್ತರಿಸಿಕೊಂಡು ಹೋಗುತ್ತದೆ! ಫ್ಲೇಂಜ್‌ನ ವೆಬ್ ಕಡೆಯ ಭಾಗ ಒತ್ತಿನಲ್ಲಿದ್ದರೆ, ಅದರ ತುದಿ ಎಳೆತದಲ್ಲಿದೆ. ಅಂಚಿನ ತುದಿಯೇ ಅತಿ ದೂರ ಎಂದು ಮನಸ್ಸು ಹೇಳುತ್ತದೆ. ಗೆರೆ ಎಳೆದವರಿಗೆ ಮಾತ್ರ ವೆಬ್ ಮತ್ತು ಫ್ಲೇಂಜ್ ಸೇರುವ ಹೊರಮೂಲೆ, ಅಂದರೆ (−1.5, 75), ಅದಕ್ಕಿಂತ ದೂರವಿದೆ ಎಂದು ಕಾಣುತ್ತದೆ.

```
(−1.5, 75):  s = +183.5 N/mm^2
(58.5, 75):  s =  −82.7 N/mm^2
M·y/Ix    :  s =   83.6 N/mm^2
```

ಕೆಳಗಿನ ಫ್ಲೇಂಜ್‌ನಲ್ಲಿ ಇವೇ ಸಂಖ್ಯೆಗಳು ಚಿಹ್ನೆ ಬದಲಾಗಿ ಬರುತ್ತವೆ. ಕೊನೆಯ ಸಾಲು ಆ ಹಾಳೆಯಲ್ಲಿದ್ದ ಸರಳ ಸೂತ್ರದ್ದು. ನಿಜವಾದ ಸ್ಟ್ರೆಸ್ ಅದರ 2.2 ಪಟ್ಟು. 250ಕ್ಕೆ ಮಣಿಯುವ ಉಕ್ಕಿಗೆ ನಾನು ಹಳೆಯ ಪದ್ಧತಿಯಂತೆ 165ನ್ನು ಮಿತಿಯಾಗಿ ಇಟ್ಟುಕೊಳ್ಳುತ್ತೇನೆ. 84 ಅದರ ಅರ್ಧದ ಆಸುಪಾಸು, 183 ಮಿತಿಯ ಆಚೆ. ಆದರೂ 250ನ್ನು ಮುಟ್ಟಿಲ್ಲ. ಹಾಗಾಗಿಯೇ ಚೀಲ ಇಳಿಸಿದಾಗ ತೊಲೆ ಬಹುಮಟ್ಟಿಗೆ ಮೊದಲಿನ ನೇರಕ್ಕೆ ಮರಳಿತು. Ixy ಚಿಹ್ನೆ ತಪ್ಪಾಗಿದ್ದರೆ ತುದಿಯಲ್ಲಿ 436 ಬರುತ್ತಿತ್ತು. ಅಂಥ ಸಂಖ್ಯೆ ಬಂದಾಗ ನೋಡಬೇಕಾದದ್ದು ಚಿತ್ರವನ್ನು: ಭಾರ ವೆಬ್‌ನ ದಿಕ್ಕಿಗೇ ಇರುವಾಗ, ಫ್ಲೇಂಜ್‌ಗಳು ಚಾಚಿರುವ ಎರಡು ಕಾಲುಭಾಗಗಳ ಮೂಲಕವೇ ತಟಸ್ಥ ಅಕ್ಷ ಹಾದುಹೋಗಬೇಕು.

ತೊಲೆ ಬಾಗುವುದು ತಟಸ್ಥ ಅಕ್ಷಕ್ಕೆ ಲಂಬವಾಗಿ. ಆದ್ದರಿಂದ ಅಡ್ಡ ಬಾಗು ಕೆಳ ಬಾಗಿನ 1.88 ಪಟ್ಟು. ಲೆಕ್ಕದಲ್ಲಿ ಕೆಳಕ್ಕೆ 11 ಮಿ.ಮೀ., ಅಡ್ಡಕ್ಕೆ 20.8 ಮಿ.ಮೀ. ದಾರ ಹಿಡಿದು ಕಂಡದ್ದು 10 ಮತ್ತು 17. ಹಲಗೆಯ ತಿಕ್ಕಾಟ ಸ್ವಲ್ಪ ತಡೆದಿರಬೇಕು ಎಂದು ನನ್ನ ಅಂದಾಜು.

ಚಾವಣಿಯಲ್ಲಿ ಇಂಥವೇ ಪರ್ಲಿನ್‌ಗಳು ತೊಂದರೆ ಕೊಟ್ಟಿರಲಿಲ್ಲ. ಅಲ್ಲಿ ತಗಡು ಶೀಟನ್ನು ಸ್ಕ್ರೂ ಹಾಕಿ ಬಿಗಿದಿದ್ದರಿಂದ ತೊಲೆಗೆ ಪಕ್ಕಕ್ಕೆ ಹೋಗಲು ಎಡೆಯಿರಲಿಲ್ಲ. ಪಕ್ಕದ ಚಲನೆ ಪೂರ್ತಿ ನಿಂತರೆ ಸರಳ ಸೂತ್ರವೇ ಸರಿಯಾಗುತ್ತದೆ. ಆದರೆ ತಡೆಯುವುದಕ್ಕೂ ಬಲ ಬೇಕು. ಅದು ಭಾರದ Ixy/Ix ಪಾಲು, ಅಂದರೆ ಶೇಕಡಾ 28. ಇಲ್ಲಿ ಒಂದು ತೊಲೆಗೆ 2.24 ಕಿಲೋನ್ಯೂಟನ್. ನಾಲ್ಕೂ ಒಂದೇ ಕಡೆ ತಳ್ಳಿದರೆ ಸುಮಾರು 9. ಅಷ್ಟನ್ನು ಆ ಹಳೆಯ ಇಟ್ಟಿಗೆ ಗೋಡೆಯ ಮೇಲೆ ಹೊರಿಸಲು ನನಗೆ ಧೈರ್ಯ ಬರಲಿಲ್ಲ.

ಆದ್ದರಿಂದ ಎರಡನೆಯ ಮತ್ತು ನಾಲ್ಕನೆಯ ತೊಲೆಗಳನ್ನು ತಿರುಗಿಸಿ ಇಡಲು ಹೇಳಿದೆ. ಕುಶಾಲನಗರದಿಂದ ಬಂದಿದ್ದ ವೆಲ್ಡರ್ ಒಂದು ತೊಲೆಯನ್ನು ತಲೆಕೆಳಗು ಮಾಡಿ ಇಟ್ಟರು. ಝಡ್ ತಲೆಕೆಳಗಾದರೂ ಅದೇ ಝಡ್. ಮೇಲಿನ ಫ್ಲೇಂಜ್ ಮತ್ತೆ ಅದೇ ಕಡೆಗೆ ಚಾಚುತ್ತದೆ. ಈ ಗೋಡೆಯ ತುದಿಯನ್ನು ಆ ಗೋಡೆಗೆ, ಆ ತುದಿಯನ್ನು ಈ ಗೋಡೆಗೆ ಬರುವಂತೆ ತಿರುಗಿಸಿದಾಗ ಮಾತ್ರ ಎಡ ಬಲ ಬದಲಾಗುತ್ತದೆ. ಅವರ ಕೈಯಲ್ಲೇ ರಟ್ಟಿನ ಒಂದು ಝಡ್ ಮಡಚಿಸಿ ತೋರಿಸಿದ ಮೇಲೆ ಕೆಲಸ ಸಲೀಸಾಯಿತು. ಈಗ ಅಕ್ಕಪಕ್ಕದ ತೊಲೆಗಳು ಎದುರುಬದುರು ತಳ್ಳುತ್ತವೆ, ನಡುವಿನ ಹಲಗೆ ಆ ಬಲವನ್ನು ತನ್ನಲ್ಲೇ ಮುಗಿಸುತ್ತದೆ. ಪ್ರತಿ ಹಲಗೆಯನ್ನೂ ನಾಲ್ಕು ತೊಲೆಗಳಿಗೂ ಸ್ಕ್ರೂ ಹಾಕಿ ಬಿಗಿದೆವು. ಹಲಗೆ ಹಿಡಿಯುವುದು ಮೇಲಂಚನ್ನು ಮಾತ್ರ. ಕೆಳಗಿನ ಅಂಚು ಹಾಗೇ ಬಿಟ್ಟರೆ ತೊಲೆ ತಿರುಚಿಕೊಳ್ಳುತ್ತದೆ, ಮೇಲಿನ ಸೂತ್ರದಲ್ಲಿ ಆ ತಿರುಚುವಿಕೆ ಸೇರಿಯೇ ಇಲ್ಲ. ಅದಕ್ಕಾಗಿ ಉದ್ದದ ಮೂರನೇ ಒಂದು ಭಾಗಕ್ಕೊಂದರಂತೆ ಎರಡು ಕಡೆ, ಕೆಳಗಿನ ಫ್ಲೇಂಜ್‌ಗಳಿಗೆ 40 × 40 × 5 ಆಂಗಲನ್ನು ಅಡ್ಡಲಾಗಿ ಬೋಲ್ಟ್ ಮಾಡಿಸಿದೆ.

ಮತ್ತೆ ಅಷ್ಟೇ ಚೀಲಗಳನ್ನು ಏರಿಸಿ, ಅದೇ ದಾರ ಕಟ್ಟಿ ನೋಡಿದೆವು. ಸರಳ ಸೂತ್ರ ಹೇಳುವ ಕೆಳ ಬಾಗು 5.2 ಮಿ.ಮೀ., ಪಟ್ಟಿಯಲ್ಲಿ ಕಂಡದ್ದು 6. ಅಡ್ಡಕ್ಕೆ ಒಂದು ಮಿಲಿಮೀಟರ್ ತುಂಬಲಿಲ್ಲ. ಬೆಳೆಗಾರರು ದಾರವನ್ನು ಬಿಚ್ಚಲು ಬಿಡಲಿಲ್ಲ. ಮಳೆಗಾಲ ಮುಗಿಯುವವರೆಗೂ ಅದು ಹಾಗೆಯೇ ಇರಲಿ ಎಂದರು.