ಪ್ರಕಟಣೆ ಬರೆಯುವಾಗ ಊರಿನ ಮಾತು ಎಷ್ಟು ಬೇಕು?

ಕೊಪ್ಪಳ, ರಾಯಚೂರು ಕಡೆಯ ರೈತರಿಗೆ ಪ್ರಕಟಣೆ ಬರೆಯುವವರಿಗೆ ಒಂದು ಸಲಹೆ. ಬೆಳೆ, ತಿನಿಸುಗಳ ಹೆಸರು ಊರಿನದೇ ಇರಲಿ, ಕ್ರಿಯಾಪದ ಮಾತ್ರ ಮಾಮೂಲಿ ಬರವಣಿಗೆಯದ್ದೇ ಇರಲಿ.

ಒಂದು ಉದಾಹರಣೆ ನೋಡಿ. ‘ಕಡಲೆಕಾಯಿಯನ್ನು ಸಮರ್ಪಕವಾಗಿ ಒಣಗಿಸತಕ್ಕದ್ದು’ ಅಂದರೆ ಕಚೇರಿ ಕಾಗದದ ಹಾಗಿರುತ್ತದೆ. ‘ಶೇಂಗಾ ಚಲೋತ್ನಂಗ ಒಣಗಸ್ರೀಪಾ’ ಅಂದರೆ ನಾಟಕದ ಹಾಸ್ಯ ಪಾತ್ರ ಮಾತಾಡಿದ ಹಾಗೆ. ಓದುವವರಿಗೆ ನಮ್ಮನ್ನು ಅಣಕಿಸುತ್ತಿದ್ದಾರೆ ಅನಿಸುತ್ತದೆ. ‘ಶೇಂಗಾ ಚೆನ್ನಾಗಿ ಒಣಗಿಸಿ. ಅಲುಗಾಡಿಸಿದರೆ ಒಳಗೆ ಕಾಳು ಗಲಗಲ ಅನ್ನಬೇಕು. ಆಮೇಲೆ ಚೀಲಕ್ಕೆ ತುಂಬಿ’ ಅಂತ ಬರೆದರೆ ಸಾಕು.

ಇದಕ್ಕೆ ಕಾರಣ ಇದೆ. ಶೇಂಗಾ, ಉಳ್ಳಾಗಡ್ಡಿ, ಪುಂಡಿಪಲ್ಯ ಅಂತ ಎಲ್ಲರೂ ದಿನಾ ಅನ್ನುತ್ತಾರೆ. ಆದರೆ ‘ಮಾಡಾಕತ್ತಾರ’, ‘ಮಾಡ್ಲಿಕತ್ತಾರ’ ಊರಿಂದ ಊರಿಗೆ ಬದಲಾಗುತ್ತದೆ. ಹೊರಗಿನವರು ಬರೆದರೆ ತಪ್ಪು ಬೇಗ ಗೊತ್ತಾಗುತ್ತದೆ. ‘ರೀ’ ಮರ್ಯಾದೆಯ ಮಾತೇ, ಆದರೆ ಪ್ರತಿ ಸಾಲಿಗೂ ಅಂಟಿಸಿದರೆ ಗೇಲಿ ಅನಿಸುತ್ತದೆ. ‘ಲೇ’ ಅಂತೂ ಬೇಡವೇ ಬೇಡ!

ಹೆಸರುಗಳಲ್ಲೂ ಸ್ವಲ್ಪ ನೋಡಿಕೊಳ್ಳಿ. ರಾಯಚೂರು ಕಡೆ ಮಂಡಾಳು ಅನ್ನುವುದು ದಾವಣಗೆರೆಯಲ್ಲಿ ಮಂಡಕ್ಕಿ. ಎರಡೂ ಕಡೆ ಹಂಚುವುದಾದರೆ ‘ಮಂಡಕ್ಕಿ (ಮಂಡಾಳು)’ ಅಂತ ಒಮ್ಮೆ ಬರೆಯಿರಿ. ಅಚ್ಚಿಗೆ ಕೊಡುವ ಮುಂಚೆ ಅದೇ ಊರಿನ ಹಿರಿಯರೊಬ್ಬರಿಗೆ ಜೋರಾಗಿ ಓದಿ ಹೇಳಿ. ಅವರು ಎಲ್ಲಿ ನಗುತ್ತಾರೋ ಆ ಪದ ತೆಗೆಯಿರಿ.