ಇಪ್ಪತ್ತನೇ ಹಂತದಲ್ಲಿ ಆಟ ನಿಲ್ಲುತ್ತಿದ್ದುದೇಕೆ: ನನ್ನ ಅನುಭವ

ನಾನು ರೂಪಿಸಿದ 40 ಹಂತಗಳ ವಿಡಿಯೊ ಆಟವನ್ನು ಹೆಚ್ಚಿನವರು 20ನೇ ಹಂತದ ಆಸುಪಾಸಿನಲ್ಲೇ ಕೈಬಿಡುತ್ತಿದ್ದರು. ಶತ್ರುಗಳು ಬಲಿಷ್ಠರಾದದ್ದೇ ಕಾರಣವೆಂದು ಭಾವಿಸಿ ಅವರ ಶಕ್ತಿಯನ್ನು ತಗ್ಗಿಸಿದೆ, ಏನೂ ಬದಲಾಗಲಿಲ್ಲ. ಆಟಗಾರರು ಬಿಡುತ್ತಿದ್ದುದು ಸೋತ ಮೇಲಲ್ಲ, ಗೆದ್ದ ಮೇಲೆ ಎಂಬುದು ದಾಖಲೆಗಳನ್ನು ನೋಡಿದಾಗಲೇ ತಿಳಿಯಿತು.

ಮುಂದಿನ ಹಂತಕ್ಕೆ ಬೇಕಾದ ಅಂಕಗಳು 100ರಿಂದ ಆರಂಭವಾಗಿ ಪ್ರತಿ ಹಂತಕ್ಕೂ ಶೇ. 15ರಷ್ಟು ಚಕ್ರಬಡ್ಡಿಯಂತೆ ಬೆಳೆಯುತ್ತಿದ್ದವು. ಒಂದು ಕಾಳಗದಿಂದ ಸಿಗುವ ಅಂಕಗಳಾದರೋ 12ರಿಂದ ಆರಂಭವಾಗಿ ಹಂತಕ್ಕೆ ಕೇವಲ 2ರಂತೆ ಏರುತ್ತಿದ್ದವು. ಹೀಗಾಗಿ ಮೊದಲ ಹಂತಕ್ಕೆ 9 ಕಾಳಗ ಸಾಕಾದರೆ, 10ನೆಯದಕ್ಕೆ 12, 20ನೆಯದಕ್ಕೆ 29 ಬೇಕಾಗುತ್ತಿದ್ದವು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಕೊನೆಯ ಹೊಸ ಕೌಶಲವನ್ನು ನಾನು 14ನೇ ಹಂತದಲ್ಲೇ ಕೊಟ್ಟು ಮುಗಿಸಿದ್ದೆ. 20ನೇ ಹಂತದಲ್ಲಿ ಆಟಗಾರನು 10ನೆಯದರ ಸುಮಾರು ಎರಡೂವರೆ ಪಟ್ಟು ದುಡಿದು ಪಡೆಯುತ್ತಿದ್ದುದು ಹೊಡೆತದ ಬಲದಲ್ಲಿ ತುಸು ಏರಿಕೆಯನ್ನು ಮಾತ್ರ, ಅದನ್ನೂ ಶತ್ರುವಿನ ಬೆಳೆದ ಆಯುಷ್ಯ ನುಂಗಿಬಿಡುತ್ತಿತ್ತು.

ಆದ್ದರಿಂದ ಲೆಕ್ಕವನ್ನು ತಿರುಗಿಸಿ, ಎಷ್ಟು ಕಾಳಗಗಳಿರಬೇಕೆಂಬುದನ್ನು ಮೊದಲು ನಿರ್ಧರಿಸಿದೆ:

```
need = reward * fights
```

`fights` ಅನ್ನು 9ರಿಂದ 16ರವರೆಗೆ ನಿಧಾನವಾಗಿ ಏರಿಸಿದೆ. ಎರಡು ಕೌಶಲಗಳನ್ನು ಆರಂಭದಿಂದ ತೆಗೆದು 18 ಮತ್ತು 23ನೇ ಹಂತಗಳಿಗೆ ಸರಿಸಿದೆ. ಅಂಕಗಳನ್ನಷ್ಟೇ ಸರಿಪಡಿಸಿದ ಆವೃತ್ತಿಯಲ್ಲಿ ಜನ ಬಿಡುವ ಜಾಗ ನಾಲ್ಕೈದು ಹಂತ ಮುಂದಕ್ಕೆ ಹೋಯಿತೇ ಹೊರತು ಮಾಯವಾಗಲಿಲ್ಲ. ಕೌಶಲಗಳನ್ನು ಸರಿಸಿದ ಬಳಿಕವೇ ಆ ಕುಸಿತ ಸಮನಾಯಿತು.