ಹೋದ ಸಂಬಳ ವಾಪಸ್ ಬಂದಾಗ

ಬೈಕಂಪಾಡಿಯ ಒಂದು ಗೇರುಬೀಜ ಕಾರ್ಖಾನೆಯ ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು, ಅವರ ಖಾತೆಗಳು ಬೇರೆ ಬೇರೆ ಬ್ಯಾಂಕಿನಲ್ಲಿವೆ. ಎಲ್ಲರ ಸಂಬಳವೂ ನಮ್ಮ ಕರೆಂಟ್ ಅಕೌಂಟಿನಿಂದ ಒಂದೇ ಫೈಲಿನಲ್ಲಿ ಹೋಗುತ್ತದೆ. ನಾನು ಅಪ್‌ಲೋಡ್ ಮಾಡುತ್ತೇನೆ, ಮಾಲಕರು ನೋಡಿ ಅಪ್ರೂವ್ ಮಾಡುತ್ತಾರೆ. ಕಾನೂನಿನ ಗಡುವು ಮುಂದಿನ ತಿಂಗಳ 7ನೇ ತಾರೀಖು. ನಾವು 4ಕ್ಕೇ ಕಳಿಸುತ್ತೇವೆ. ವಾಪಸ್ ಬಂದದ್ದನ್ನು ಸರಿ ಮಾಡಲು ಆ ಮೂರು ದಿನ ಬೇಕೇ ಬೇಕು.

ಕಳೆದ ನವೆಂಬರಿನದ್ದೇ ಹೇಳುತ್ತೇನೆ. ಫೈಲಿನ ಮೊತ್ತ 14,62,300 ರೂಪಾಯಿ. ಅದರಲ್ಲಿ 12,450ರ ಒಂದು ಸಾಲನ್ನು ಬ್ಯಾಂಕ್ ಅಪ್‌ಲೋಡ್ ಹಂತದಲ್ಲೇ ತೆಗೆದುಹಾಕಿತು. ಹೊಸದಾಗಿ ಸೇರಿದವರೊಬ್ಬರು ಹಳೆ ಸಿಂಡಿಕೇಟ್ ಬ್ಯಾಂಕ್ ಪಾಸ್‌ಬುಕ್ ಕೊಟ್ಟಿದ್ದರು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. SYNB ಎಂದು ಶುರುವಾಗುವ ಐಎಫ್‌ಎಸ್‌ಸಿ ಕೋಡ್ ಈಗ ನಡೆಯುವುದಿಲ್ಲ, CNRB ಕೋಡ್ ಬೇಕು. ಇಂಥ ತೊಂದರೆ ಸುಲಭದ್ದು. ದುಡ್ಡು ನಮ್ಮ ಖಾತೆಯಿಂದ ಹೊರಗೇ ಹೋಗಿರುವುದಿಲ್ಲ, ಕೋಡ್ ತಿದ್ದಿ ಕಳಿಸಿದರೆ ಆಯಿತು.

ಉಳಿದ 14,49,850 ಡೆಬಿಟ್ ಆಯಿತು. ಪೋರ್ಟಲ್‌ನಲ್ಲಿ ಎಲ್ಲದರ ಮುಂದೆಯೂ Success ಎಂದು ಬಂತು. ಆದರೆ ಬೇರೆ ಬ್ಯಾಂಕಿಗೆ ನೆಫ್ಟ್‌ನಲ್ಲಿ ಹೋದದ್ದಕ್ಕೆ, ಆ ಹೊತ್ತಿನಲ್ಲಿ, Success ಅಂದರೆ ನಮ್ಮ ಬ್ಯಾಂಕಿನಿಂದ ಹೊರಟಿದೆ ಅಂತ ಅಷ್ಟೇ. ನೆಫ್ಟ್ ಅರ್ಧ ಗಂಟೆಗೊಂದು ಬ್ಯಾಚಿನಂತೆ ನಡೆಯುತ್ತದೆ. ಖಾತೆಗೆ ಹಾಕಲು ಆಗದಿದ್ದರೆ ಆ ಬ್ಯಾಂಕ್ ಬ್ಯಾಚ್ ಮುಗಿದ ಎರಡು ಗಂಟೆಯೊಳಗೆ ಹಿಂದಿರುಗಿಸಬೇಕು. ಅದಕ್ಕೇ ನಾನು ಬೆಳಿಗ್ಗೆ ಕಳಿಸಿ, ಸಂಜೆ ಸ್ಟೇಟ್‌ಮೆಂಟ್ ತೆಗೆದು ಕ್ರೆಡಿಟ್ ಬದಿ ಮಾತ್ರ ನೋಡುತ್ತೇನೆ. ಅವತ್ತು ಒಬ್ಬರ ಸಂಬಳ 13,180 ವಾಪಸ್ ಬಂದಿತ್ತು.

ಮರುದಿನ ಆ ಅಕ್ಕ ಆಫೀಸಿಗೆ ಬಂದರು. "ಅಣ್ಣ, ಹೋದ ತಿಂಗಳು ಬಂದಿತ್ತಲ್ವಾ, ಈ ಸಲ ಮಾತ್ರ ಯಾಕೆ ಬರಲಿಲ್ಲ?" ನ್ಯಾಯವಾದ ಪ್ರಶ್ನೆ. ಖಾತೆ ನಂಬರು ಅದೇ, ಕೋಡೂ ಅದೇ. ಪಾಸ್‌ಬುಕ್ ತರಿಸಿ ಕೂಡಿಸಿ ನೋಡಿದೆವು. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಏಳು ಸಂಬಳ ಜಮೆಯಾಗಿತ್ತು, ಒಟ್ಟು 92,260. ಎಂಟನೆಯದೂ ಸೇರಿದರೆ 1,05,440. ಅವರದ್ದು ಪೂರ್ತಿ ಕೆವೈಸಿ ಇಲ್ಲದೆ ತೆರೆದ ಸ್ಮಾಲ್ ಅಕೌಂಟ್. ಅಂಥ ಖಾತೆಗೆ ಒಂದು ಹಣಕಾಸು ವರ್ಷದಲ್ಲಿ ಒಟ್ಟು 1 ಲಕ್ಷಕ್ಕಿಂತ ಜಾಸ್ತಿ ಜಮೆ ಆಗುವ ಹಾಗಿಲ್ಲ. ಯಾವುದೇ ಹೊತ್ತಿನಲ್ಲಿ 50,000ಕ್ಕಿಂತ ಜಾಸ್ತಿ ಬ್ಯಾಲೆನ್ಸ್ ಕೂಡ ಇರಬಾರದು. ತಿಂಗಳುಗಟ್ಟಲೆ ಸರಿಯಾಗಿ ಹೋಗುತ್ತಿದ್ದ ಸಂಬಳ ವರ್ಷದ ಕೊನೆಯ ಹೊತ್ತಿಗೆ ತಟ್ಟನೆ ನಿಂತರೆ ನಾನು ಮೊದಲು ನೋಡುವುದು ಇದನ್ನೇ.

ಇದಕ್ಕೆ ಪರಿಹಾರ ನಮ್ಮ ಕೈಯಲ್ಲಿಲ್ಲ. ಅವರೇ ಬ್ರಾಂಚಿಗೆ ಹೋಗಿ ಕೆವೈಸಿ ಮಾಡಿಸಬೇಕು. ಕೂಲಿ ಕಡಿತವಾಗದಂತೆ ಅರ್ಧ ದಿನ ಬಿಡುವು ಕೊಟ್ಟು ಕಳಿಸಿದೆವು. "ಗಂಡನ ಖಾತೆಗೆ ಹಾಕಿಬಿಡಿ" ಎಂದರು ಅವರು. ಅದಕ್ಕೆ ನಾನು ಒಪ್ಪುವುದಿಲ್ಲ. ಅವರು ದುಡಿದ ದುಡ್ಡು ಅವರ ಹೆಸರಿಗೇ ಹೋಗಬೇಕು, ನಾಳೆ ಯಾರಾದರೂ ಕೇಳಿದರೆ ಸಾಕ್ಷಿಯೂ ಅದೇ. ನಗದು ಕೊಡುವುದಕ್ಕೂ ತೊಡಕಿದೆ. ಒಬ್ಬರಿಗೆ ಒಂದು ದಿನದಲ್ಲಿ 10,000ಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಎಂದು ಒಪ್ಪುವುದಿಲ್ಲ.

ಲೆಕ್ಕದಲ್ಲಿ ವಾಪಸ್ ಬಂದದ್ದನ್ನು ಸಂಬಳದ ಖರ್ಚಿನಲ್ಲಿ ಕಳೆಯಬಾರದು. ಖರ್ಚು ಖರ್ಚೇ, ಕೊಡುವುದು ಮಾತ್ರ ಬಾಕಿ. ಬ್ಯಾಂಕಿಗೆ ಡೆಬಿಟ್, ಕೊಡಬೇಕಾದ ಸಂಬಳದ ಖಾತೆಗೆ ಅವರ ಹೆಸರಿನಲ್ಲಿ ಕ್ರೆಡಿಟ್. ಅವತ್ತು ಸಂಜೆ ಆ ಖಾತೆಯಲ್ಲಿ 25,630 ಬಾಕಿ ನಿಲ್ಲಬೇಕಿತ್ತು, 12,450 ಮತ್ತು 13,180 ಸೇರಿ. ಅಷ್ಟೇ ನಿಂತಿತು.

ಮತ್ತೆ ಕಳಿಸುವ ಮುಂಚೆ ನನ್ನದು ಒಂದೇ ಹಠ. ಪ್ರತಿ ರವಾನೆಗೂ ಬ್ಯಾಂಕ್ ಕೊಡುವ ಗುರುತಿನ ಸಂಖ್ಯೆಯೇ ಯುಟಿಆರ್; ಹಳೆಯ ಯುಟಿಆರ್ ನಂಬರಿನ ಎದುರು ವಾಪಸ್ ಬಂದ ಕ್ರೆಡಿಟ್ ಸ್ಟೇಟ್‌ಮೆಂಟಿನಲ್ಲಿ ಕಾಣಲೇಬೇಕು. Pending ಎಂದು ಇದ್ದರೆ ಯಾರು ಎಷ್ಟು ಒತ್ತಾಯ ಮಾಡಿದರೂ ಕಳಿಸುವುದಿಲ್ಲ, ಎರಡು ಸಲ ಹೋದರೆ ವಸೂಲಿ ಬಹಳ ಕಷ್ಟ.

ಫೈಲ್ ಮಾಡುವಾಗಿನ ಒಂದು ಮಾತು. ಕರ್ಣಾಟಕ ಬ್ಯಾಂಕಿನ ಖಾತೆ ನಂಬರು 16 ಅಂಕೆಯದ್ದು, ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕೆ ಮಾತ್ರ ಉಳಿಸಿಕೊಳ್ಳುತ್ತದೆ. ಸಿಎಸ್‌ವಿ ಫೈಲನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ನಂಬರು 1.23457E+15 ಎಂಬಂಥ ರೂಪದಲ್ಲಿ ಕಾಣುತ್ತದೆ, ಆ ಕಾಲಂ ಅನ್ನು Number ಮಾಡಿ ಸೇವ್ ಮಾಡಿದರೆ ಕೊನೆಯ ಅಂಕೆ ಸೊನ್ನೆಯಾಗಿರುತ್ತದೆ. ಅಂಕೆ ಎಣಿಸಿ ನೋಡಿದರೆ ಇದು ಸಿಕ್ಕಿಬೀಳುವುದಿಲ್ಲ, ಸೊನ್ನೆ ಸೇರಿ 16 ಇದ್ದೇ ಇರುತ್ತದೆ. ಆದ್ದರಿಂದ ಮೂಲ ಪಟ್ಟಿಯಲ್ಲಿ ಆ ಕಾಲಂ ಅನ್ನು Text ಮಾಡಿ ಇಟ್ಟಿದ್ದೇನೆ. ಅಪ್‌ಲೋಡ್ ಮಾಡಿದ ಮೇಲೆ ಪೋರ್ಟಲ್ ತೋರಿಸುವ ನಂಬರುಗಳ ಕೊನೆಯ ನಾಲ್ಕು ಅಂಕೆಯನ್ನು ಪಾಸ್‌ಬುಕ್ ಪ್ರತಿಯೊಂದಿಗೆ ತಾಳೆ ನೋಡಿಯೇ ಮಾಲಕರಿಗೆ ಅಪ್ರೂವ್ ಮಾಡಲು ಹೇಳುತ್ತೇನೆ.